ಪಲ್ಮಡಿಗೆ ಹೊರಟ ಟಿಟಿ

ನಮ್ಮ ಮನೆಯವಳು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ರಿಟೈರ್ ಆದವಳು. ನಾನು ಬ್ಯಾಂಕಿನಲ್ಲಿದ್ದವನು. ಹಾಸನದ ನಮ್ಮ ಬೀದಿಯ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳು ಸಂಜೆ ನಮ್ಮ ಜಗುಲಿಗೆ ಬಂದು ‘ಹಳಗನ್ನಡ ಅರ್ಥವೇ ಆಗಲ್ಲ ಟೀಚರ್’ ಎಂದು ಗೋಳಾಡುತ್ತಿದ್ದರು. ಒಂದು ದಿನ ಅವಳು ಕನ್ನಡಕ ತೆಗೆದಿಟ್ಟು, ‘ಬರೋ ಭಾನುವಾರ ಎಲ್ಲರನ್ನೂ ಹಲ್ಮಿಡಿಗೆ ಕರ್ಕೊಂಡು ಹೋಗೋಣ ಕಣ್ರೀ’ ಎಂದಳು. ಯಾರು ಕರ್ಕೊಂಡು ಹೋಗೋದು, ದುಡ್ಡು ಯಾರದ್ದು ಎಂದು ಕೇಳಬೇಕಿತ್ತು. ಕೇಳಲಿಲ್ಲ.

ನಾನು ರಾತ್ರಿ ಕೂತು ಪಟ್ಟಿ ಮಾಡಿದೆ. ಹಲ್ಮಿಡಿ, ಬೇಲೂರು, ಹಳೇಬೀಡು, ಬಸದಿಹಳ್ಳಿ, ಹುಲಿಕೆರೆ ಕೊಳ, ದೊಡ್ಡಗದ್ದವಳ್ಳಿ, ಸಂಜೆಗೆ ಮಂಜರಾಬಾದ್ ಕೋಟೆ. ಒಂದೊಂದಕ್ಕೂ ಮುಕ್ಕಾಲು ಗಂಟೆ. ಅವಳು ಪೆನ್ಸಿಲ್ ತಗೊಂಡು ಮೂರು ಬಿಟ್ಟು ಮಿಕ್ಕದ್ದನ್ನೆಲ್ಲ ಹೊಡೆದುಹಾಕಿದಳು. ‘ಹುಡುಗ್ರಿಗೆ ಒಂದು ಕಡೆ ಇಪ್ಪತ್ತು ನಿಮಿಷ ಆದ್ಮೇಲೆ ಕಿವಿ ಮುಚ್ಚಿಹೋಗುತ್ತೆ. ಇಡೀ ದಿನಕ್ಕೆ ಒಂದೇ ಪಾಠ. ಪ ಎಲ್ಲಿ ಹೋಯ್ತು ಅಂತ ಹುಡುಕೋದು, ಅಷ್ಟೇ.’

ನನಗೂ ಅರ್ಥವಾಗಲಿಲ್ಲ. ಆದರೆ ಬ್ಯಾಂಕಿನಲ್ಲಿ ಇದ್ದವನಿಗೆ ಅರ್ಥವಾಗದಿದ್ದರೂ ಸಹಿ ಹಾಕುವ ಅಭ್ಯಾಸ ಇರುತ್ತದೆ.

ಭಾನುವಾರ ಏಳಕ್ಕೆ ಹೊರಡಬೇಕಿದ್ದ ಟಿಟಿ ಎಂಟೂವರೆಗೆ ಬಂತು. ಡ್ರೈವರ್ ‘ಡೀಸೆಲ್ ಹಾಕ್ಸಕ್ಕೆ ಹೋಗಿದ್ದೆ ಸಾರ್’ ಎಂದ. ಬೇಲೂರು ದಾಟುವ ಮೊದಲೇ ಮತ್ತೆ ಬಂಕಿಗೆ ತಿರುಗಿಸಿದ. ದಾರಿಯಲ್ಲಿ ಒಬ್ಬನಿಗೆ ವಾಂತಿ, ಇನ್ನೊಬ್ಬನಿಗೆ ಅದನ್ನು ನೋಡಿ ವಾಂತಿ. ಹಲ್ಮಿಡಿ ತಲುಪಿದಾಗ ಹತ್ತೂವರೆ.

ಮಂಟಪದಲ್ಲಿ ನಿಂತ ಶಾಸನವನ್ನು ನೋಡಿದ ಕೂಡಲೇ ಕನ್ನಡಕದ ಹುಡುಗನೊಬ್ಬ ಬೆರಳಿನಿಂದ ತಟ್ಟಿ ನೋಡಿದ. ‘ಅಂಕಲ್, ಇದು ಕಲ್ಲಲ್ಲ, ಫೈಬರ್!’ ನಾನು ಅರ್ಧ ಗಂಟೆಯಿಂದ ‘ಸಾವಿರದೈನೂರು ವರ್ಷದ ಕಲ್ಲು ನೋಡ್ತೀರಿ’ ಎಂದು ಭಾಷಣ ಮಾಡಿಕೊಂಡು ಬಂದಿದ್ದೆ. ಅಸಲಿ ಕಲ್ಲು ಮೈಸೂರಿನಲ್ಲಿದೆ ಎಂಬುದು ಮನೆಯವಳಿಗೆ ಗೊತ್ತಿತ್ತು. ನನಗೆ ಹೇಳಿರಲಿಲ್ಲ. ‘ನೀವು ಕೇಳಲಿಲ್ಲ’ ಎಂದಳು. 1936ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಈ ಊರಿನಲ್ಲಿ ಆ ಕಲ್ಲನ್ನು ಗುರುತಿಸಿದರು. ಅದು ಸುಮಾರು ಕ್ರಿ.ಶ. 450ರದ್ದು. ಇಲ್ಲಿರುವುದು ಅದರ ನಕಲು.

ಅಕ್ಷರ ಓದೋಕೆ ಯಾರಿಂದಲೂ ಆಗಲಿಲ್ಲ. ಆಗುವುದೂ ಇಲ್ಲ, ಆ ಕಾಲದ ಲಿಪಿಯೇ ಬೇರೆ. ಅದಕ್ಕೇ ಅವಳು ಹದಿನಾರೂ ಸಾಲುಗಳನ್ನು ಈಗಿನ ಲಿಪಿಯಲ್ಲಿ ಬರೆದು ಜೆರಾಕ್ಸ್ ಮಾಡಿಸಿ ತಂದಿದ್ದಳು. ಅರ್ಥ ಹೇಳಲಿಲ್ಲ. ‘ನಿಮಗೆ ಗೊತ್ತಿರೋ ಪದಕ್ಕೆ ಗೆರೆ ಹಾಕಿ. ಹತ್ತು ನಿಮಿಷ’ ಎಂದಳು. ಮೊದಲು ಸಿಕ್ಕಿದ್ದು ‘ಕೊಟ್ಟಾರ್’. ‘ನಮ್ಮಜ್ಜಿ ಹಿಂಗೇ ಮಾತಾಡೋದು!’ ಎಂದು ಒಬ್ಬಳು ಕಿರುಚಿದಳು. ಆಮೇಲೆ ‘ಬಾಳ್ಗಳ್ಚು’ ಎಂಬಲ್ಲಿ ಎಲ್ಲರೂ ಸಿಕ್ಕಿಬಿದ್ದರು.

ಕಥೆ ಹೇಳೋಕೆ ಅವಳು ಕಾಯುತ್ತಿದ್ದದ್ದು ಇದಕ್ಕೇ. ಬಾಳ್ ಅಂದರೆ ಕತ್ತಿ. ಕಳ್ಚು ಅಂದರೆ ತೊಳೆಯುವುದು. ಕದಂಬರ ಕಡೆಯಿಂದ ಕೇಕಯ, ಪಲ್ಲವರ ಮೇಲೆ ಕಾದಾಡಿ ಗೆದ್ದ ವಿಜಅರಸನೆಂಬ ವೀರನ ಕತ್ತಿಯ ರಕ್ತ ತೊಳೆದು, ಅವನಿಗೆ ಎರಡು ಊರು ಬಿಟ್ಟುಕೊಟ್ಟರು. ಅದೇ ಬಾಳ್ಗಳ್ಚು. ಹದಿಮೂರು ವರ್ಷದ ಗಂಡುಹುಡುಗರ ಮುಂದೆ ರಕ್ತ ಎಂದರೆ ಸಾಕು, ಇಡೀ ಶಾಸನ ಬಾಯಿಪಾಠವಾಗುತ್ತದೆ. ‘ಕಳ್ಚು ಯಾಕೆ ಗಳ್ಚು ಆಯ್ತು?’ ಎಂದು ಅವಳು ಕೇಳಿದಳು. ಅರೆಕ್ಷಣ ಮೌನ. ಹಿಂದಿನಿಂದ ಒಬ್ಬಳು ಮೆಲ್ಲಗೆ, ‘ಆದೇಶ ಸಂಧಿನಾ ಟೀಚರ್? ಕ ತ ಪ ಹೋಗಿ ಗ ದ ಬ?’ ಎಂದಳು. ಪರೀಕ್ಷೆಯಲ್ಲಿ ಎರಡು ಮಾರ್ಕಿಗಾಗಿ ಉರು ಹೊಡೆದಿದ್ದ ಸಂಧಿ ಅಷ್ಟು ಹಳೆಯದು ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಆ ಎರಡು ಊರಿನಲ್ಲಿ ಒಂದರ ಹೆಸರು ‘ಪಲ್ಮಡಿ’. ‘ಅದು ಎಲ್ಲಿದೆ ಹೇಳಿ ನೋಡೋಣ?’ ಎಂದಳು. ಒಬ್ಬ ಫೋನ್ ತೆಗೆದು ಮ್ಯಾಪಿನಲ್ಲಿ ಹುಡುಕತೊಡಗಿದ. ‘ನೀನು ನಿಂತಿರೋದೇ ಅಲ್ಲಿ ಕಣೋ’ ಎಂದಾಗ ಕಾಲ ಕೆಳಗೆ ನೋಡಿಕೊಂಡ.

ಪಲ್ಮಡಿ ಹಲ್ಮಿಡಿ ಆಗಿತ್ತು. ಅದೇ ಕಾಗದದಲ್ಲಿ ಕೆಳಗೆ ‘ಪತ್ತೊಂದಿ’ ಅಂತ ಇದೆ. ಹತ್ತರಲ್ಲೊಂದು, ಒಂದು ತೆರಿಗೆ. ಪತ್ತು ಹತ್ತಾಯಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು. ಸುಮಾರು 10ನೇ ಶತಮಾನದ ಹೊತ್ತಿಗೆ ಶುರುವಾದ ಈ ಬದಲಾವಣೆ ನಿಧಾನಕ್ಕೆ ಇಡೀ ಕನ್ನಡವನ್ನು ಹಿಡಿಯಿತು. ತಾಯಿ ಕಡೆಯಿಂದ ತುಳು ಕಲಿತಿದ್ದ ಹುಡುಗಿಯೊಬ್ಬಳು, ‘ನಾವು ಈಗ್ಲೂ ಪಿಲಿ ಅಂತೀವಿ ಟೀಚರ್!’ ಎಂದಳು. ಅಲ್ಲಿಂದ ಸಂಜೆಯವರೆಗೆ ಅವಳೇ ಡಿಕ್ಷನರಿ.

‘ಹಂಗಾದ್ರೆ ಕಣ್ಣು, ಹನಿ ಸೇರಿದ್ರೆ ಕಂಬನಿ ಯಾಕೆ? ಬ ಎಲ್ಲಿಂದ ಬಂತು?’ ಎಂದು ಮನೆಯವಳು ಕೇಳಿದಳು. ಈ ಸಲ ಹತ್ತು ಕೈ ಮೇಲೆದ್ದವು. ಹಳೆಯ ಮಾತು ಪನಿ. ಕಣ್ಣಿಗೆ ಅಂಟಿಕೊಂಡಾಗ ಪ ಹೋಗಿ ಬ ಆಯಿತು. ಹೊರಗೆ ಒಂಟಿಯಾಗಿ ನಿಂತ ಪನಿ ಆಮೇಲೆ ಹನಿ ಆಯಿತು. ಒಳಗೆ ಸಿಕ್ಕಿಕೊಂಡದ್ದು ಹಾಗೇ ಉಳಿಯಿತು. ಹೆಬ್ಬಾವಿನ ಹೊಟ್ಟೆಯಲ್ಲೂ ಒಂದು ಪಾವು ಇದೆ ಎಂದು ಅವರೇ ಹೇಳಿದರು.

ಆಮೇಲೆ ಶುರುವಾಯಿತು ನೋಡಿ ಕಾಟ. ಟಿಟಿಯಲ್ಲಿ ಒಬ್ಬರಿಗೂ ಪ, ಹ ಸರಿಯಿಲ್ಲ. ‘ಪಾಸನ’ಕ್ಕೆ ಎಷ್ಟು ಹೊತ್ತಿಗೆ ಹೋಗ್ತೀವಿ, ನನ್ನ ‘ಪೆಸರು’ ಬರ್ಕೊಳಿ, ‘ಹಲ್ಲವ’ರು ಸೋತ್ರು, ನಾಳೆ ‘ಹರೀಕ್ಷೆ’ ಇದೆ. ಮನೆಯವಳು ಸೀಟಿನಿಂದ ಎದ್ದುನಿಂತು ತಿದ್ದಬೇಕಾಯಿತು. ಪೆಸರು ಸರಿ. ಆದರೆ ಪರೀಕ್ಷೆ, ಪಲ್ಲವ ಸಂಸ್ಕೃತದ ಮಾತುಗಳು, ಅವಕ್ಕೆ ಈ ಆಟ ನಡೆಯಲ್ಲ. ಹಾಸನದ ಹ ಪ-ದಿಂದ ಬಂದದ್ದಲ್ಲ. ಹ ಕಂಡಲ್ಲೆಲ್ಲ ಪ ಹಾಕೋ ಹಾಗಿಲ್ಲ, ಮೊದಲು ಆ ಮಾತು ಎಲ್ಲಿಯದು ಅಂತ ನೋಡಬೇಕು. ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿ, ‘ಸಾರ್, ಪಾರ್ನ್ ಹೊಡೀಲಾ?’ ಎಂದ.

ಬೇಲೂರಿಗೆ ಬೆಳಿಗ್ಗೆ ಒಂಬತ್ತಕ್ಕೆ ಹೋಗಬೇಕಿತ್ತು. ತಲುಪಿದಾಗ ಹನ್ನೆರಡೂವರೆ. ಅಂದರೆ ಏನು ಅಂತ ಅಲ್ಲಿ ಚಪ್ಪಲಿ ಬಿಟ್ಟವರಿಗೇ ಗೊತ್ತು. ಗೋಪುರ ದಾಟಿ ಅಂಗಳಕ್ಕೆ ಕಾಲಿಟ್ಟರೆ ಹೆಂಚಿನ ಮೇಲೆ ನಿಂತ ಹಾಗೆ. ಮಕ್ಕಳು ಕುಣಿಯುತ್ತಾ ನೆರಳಿಗೆ ಓಡಿದರು. ಮನೆಯವಳು ಚೀಲದಿಂದ ದಪ್ಪ ಕಾಲುಚೀಲ ತೆಗೆದು ಹಾಕಿಕೊಂಡು ನಿಧಾನವಾಗಿ ನಡೆದಳು. ನನಗೂ ತಂದಿದ್ದಾಳಾ ಎಂದು ಕೇಳಿದೆ. ‘ತರಿ ಅಂತ ನಿನ್ನೆ ಹೇಳಿದ್ನಲ್ಲ’ ಎಂದಳು. ವಿಷ್ಣುವರ್ಧನ 1117ರಲ್ಲಿ ಈ ಗುಡಿ ಪ್ರತಿಷ್ಠೆ ಮಾಡಿಸಿದ ಎಂದು ನಾನು ಹೇಳಬೇಕಿದ್ದ ಹತ್ತು ನಿಮಿಷದ ಭಾಷಣವನ್ನು ಒಂಟಿ ಕಾಲಲ್ಲಿ ಇಪ್ಪತ್ತು ಸೆಕೆಂಡಿಗೆ ಮುಗಿಸಿದೆ.

ಬಾಗಿಲ ಎರಡೂ ಪಕ್ಕದಲ್ಲಿ ಸಳ ಮೃಗವನ್ನು ಇರಿಯುವ ಶಿಲ್ಪ ಇದೆಯಲ್ಲ, ಅಲ್ಲಿ ಎರಡನೇ ನಿಲ್ದಾಣ. ಕಥೆ ಎಲ್ಲರಿಗೂ ಗೊತ್ತು. ಸೊಸೆವೂರಿನಲ್ಲಿ, ಅಂದರೆ ಈಗಿನ ಮೂಡಿಗೆರೆ ಕಡೆಯ ಅಂಗಡಿ ಎಂಬ ಊರಿನಲ್ಲಿ, ಹುಲಿ ಮೇಲೆ ಬಿದ್ದಾಗ ಜೈನ ಮುನಿ ‘ಹೊಯ್ ಸಳ’ ಎಂದರು. ಸಳ ಹೊಡೆದು ಕೊಂದ. ‘ಟೀಚರ್, ಇದಕ್ಕೆ ಕೇಸರ ಇದೆ. ಇದು ಸಿಂಹ’ ಎಂದ ಕನ್ನಡಕದವನು. ಇವನ ದೆಸೆಯಿಂದ ನನಗೆ ಬೆಳಿಗ್ಗೆಯಿಂದ ಸುಖವಿಲ್ಲ. ಕಥೆ ಕಟ್ಟಿದವರು ಹುಲಿ ಎಂದರು, ಶಿಲ್ಪಿ ಸಿಂಹ ಕಡೆದ. ಚರಿತ್ರೆ ಬರೆಯುವವರು ಈ ಕಥೆಯನ್ನು ದಂತಕಥೆ ಅಂತಲೇ ಇಟ್ಟುಕೊಂಡಿದ್ದಾರೆ. ಆದರೆ ಹಳೆಯ ಶಾಸನಗಳಲ್ಲಿ ಮನೆತನದ ಹೆಸರು ಪೊಯ್ಸಳ. ಮುನಿ ಹೇಳಿದ್ದರೆ ‘ಪೊಯ್ ಸಳ’ ಎಂದೇ ಹೇಳಿರಬೇಕು. ಪುಲಿಯನ್ನು ಪೊಯ್. ಮಕ್ಕಳು ಕೈತಟ್ಟಿದರು.

‘ಹೊಯ್ ಅಂದ್ರೆ ಹೊಡಿ ಅಂತ ಈಗ ಯಾರು ಹೇಳ್ತಾರೆ?’ ಎಂದು ಒಬ್ಬ ಕೇಳಿದ. ಮನೆಯವಳು ‘ಹೊಯ್ದಾಟ, ಕೈ ಕೈ ಹೊಯ್ದರು’ ಎಂದೆಲ್ಲ ಹೇಳುವಷ್ಟರಲ್ಲಿ ಪಕ್ಕದವನು, ‘ನಮ್ಮನೇಲಿ ಉಚ್ಚೆ ಹೊಯ್ಯೋದು ಅಂತಾರೆ’ ಎಂದ. ಅಷ್ಟೇ. ಪಾಪ ಆ ಮುನಿಗಳು ಸಳನಿಗೆ ಏನು ಹೇಳಿದರು ಎಂಬುದರ ಬಗ್ಗೆ ಹೊಸ ಇತಿಹಾಸ ಶುರುವಾಯಿತು. ಮನೆಯವಳು ಗದರಲಿಲ್ಲ. ಸುರಿ ಅನ್ನೋ ಅರ್ಥದಲ್ಲೂ ಹೊಯ್ ಸರಿಯೇ, ದೋಸೆನೂ ಹೊಯ್ಯೋದೇ ಅಲ್ವಾ ಎಂದಳು. ‘ಹಂಗಾದ್ರೆ ನಾನೂ ಪೊಯ್ಯಬೇಕು’ ಎಂದು ಮೂವರು ಕೈ ಎತ್ತಿದರು. ವಿರಾಮವನ್ನು ಪಟ್ಟಿಯಲ್ಲಿ ಒಂದು ಗಂಟೆಗೆ ಹಾಕಿದ್ದೆ. ಶೌಚಾಲಯ ಇರುವುದು ಚಪ್ಪಲಿ ಬಿಟ್ಟ ಕಡೆಗೆ. ಬಿಸಿ ಅಂಗಳದಲ್ಲಿ ಮತ್ತೊಮ್ಮೆ ನಾಟ್ಯ.

ಹಳೇಬೀಡು ಹದಿನಾರು ಕಿಲೋಮೀಟರ್. ಮಕ್ಕಳು ಹತ್ತುವಾಗಲೇ ಬೋರ್ಡು ಬರೆದುಬಿಟ್ಟಿದ್ದರು, ‘ಪಳೇಬೀಡು’. ಈ ಸಲ ನಾನೂ ಜೋರಾಗಿ ಶಹಬ್ಬಾಸ್ ಎಂದೆ. ತಪ್ಪಂತೆ. ಊರು ಮೆರೆಯುತ್ತಿದ್ದಾಗ ಅದರ ಹೆಸರು ದೋರಸಮುದ್ರ. 1311ರಲ್ಲಿ ಮಲಿಕ್ ಕಾಫೂರ್ ದಂಡೆತ್ತಿ ಬಂದ. ಮುಂದೆ ಊರು ಹಾಳುಬಿದ್ದ ಮೇಲೆ ತಾನೇ ಜನ ಅದನ್ನು ‘ಹಳೆಯ ಬೀಡು’ ಅನ್ನೋದು? ಅಷ್ಟು ಹೊತ್ತಿಗೆ ಜನರ ಬಾಯಲ್ಲಿ ಪ ಹೋಗಿ ಹ ಬಂದಾಗಿತ್ತು. ‘ಹಳೆ ಅನ್ನೋ ಮಾತಿಗೆ ಪ ಇತ್ತು, ಪಳೆ. ಆದ್ರೆ ಈ ಊರಿನ ಹೆಸರಿಗೆ ಯಾವತ್ತೂ ಇರಲಿಲ್ಲ’ ಎಂದಳು. ಕನ್ನಡಕದವನು ನನ್ನ ಕಡೆ ತಿರುಗಿ, ‘ಅಂಕಲ್ ಔಟ್’ ಎಂದ.

ಗೋಡೆಯ ಆನೆಗಳ ಸಾಲನ್ನು ಎಣಿಸುತ್ತೇವೆಂದು ಹೊರಟವರು ನೂರಾಹನ್ನೊಂದಕ್ಕೆ ಜಗಳವಾಡಿ ಬಿಟ್ಟರು. ಹುಲ್ಲಿನ ಮೇಲೆ ಪುಳಿಯೋಗರೆ ಬಿಚ್ಚಿದೆವು. ಅದನ್ನು ಏನು ಮಾಡಬೇಕೋ ಯಾರಿಗೂ ತಿಳಿಯಲಿಲ್ಲ. ಹುಳಿ ಹಾಕಿದ ಮೇಲೂ ಅದು ಪುಳಿಯಾಗೇ ಉಳಿದಿತ್ತು. ‘ಇದು ಹೆಂಗೆ ಟೀಚರ್?’ ಎಂದರು. ‘ಮೊದ್ಲು ತಿನ್ನಿ’ ಎಂದಳು. ಅವಳಿಗೂ ಹಸಿವಾಗಿತ್ತು.

ವಾಪಸ್ ಬರುವಾಗ ಹಗರೆ ಹತ್ತಿರದ ಹೋಟೆಲೊಂದರಲ್ಲಿ ನಿಲ್ಲಿಸಿದೆವು. ತುಳು ಹುಡುಗಿ ಗಂಭೀರವಾಗಿ, ‘ಹನ್ನೆರಡು ಲೋಟ ಪಾಲು ಕೊಡಿ’ ಎಂದಳು. ಮಾಲೀಕ ಅವಳನ್ನು ನೋಡಿದ, ನನ್ನನ್ನು ನೋಡಿದ. ‘ಬಿಲ್ಲು ಪಾಲು ಮಾಡ್ಬೇಕಾ ಸಾರ್?’

‘ಟೀಚರ್, ಹಾಲಿನ ಪಾಲು ಹಾಲಾಯ್ತು, ಈ ಪಾಲು ಮಾತ್ರ ಯಾಕೆ ಪಾಲಾಗೇ ಉಳೀತು?’ ಕೇಳಿದ್ದು ಮತ್ತೆ ಕನ್ನಡಕದವನೇ. ಮನೆಯವಳು ಲೋಟ ಕೆಳಗಿಟ್ಟಳು. ‘ಪಡೆ ಅಂತಾನೂ ಇದೆ, ಹಡೆ ಅಂತಾನೂ ಇದೆ. ಎಲ್ಲ ಪ-ಗಳೂ ಹೋಗ್ಲಿಲ್ಲ ಕಣೋ’ ಎಂದು ನಿಧಾನಕ್ಕೆ ಹೇಳಿ, ಕಿಟಕಿಯಾಚೆ ನೋಡುತ್ತಾ ಕೂತಳು. ರಾತ್ರಿ ಹನ್ನೊಂದಾದರೂ ಹಾಲ್‌ನಲ್ಲಿ ಲೈಟು ಉರಿಯುತ್ತಿತ್ತು. ನಿಘಂಟು ತೆರೆದು ಕೂತಿದ್ದಳು. ಬಿಲ್ಲು ಪಾಲಾಗಿರಲಿಲ್ಲ, ಪೂರ್ತಿ ನಾನೇ ಕೊಟ್ಟಿದ್ದೆ.