ತ್ರೀ ಶೇರಿಂಗ್ ಅಂದ್ರೆ ಒಟ್ಟು ಎಷ್ಟು ಜನ?

ಇಂಟರ್ನ್‌ಶಿಪ್ ಸಿಕ್ತು, ಮೂರು ತಿಂಗ್ಳು, ತಿಂಗ್ಳಿಗೆ 15,000 ಸ್ಟೈಪೆಂಡ್ ಅಂದಾಗ ನನಗಿಂತ ಜಾಸ್ತಿ ಖುಷಿ ಆಗಿದ್ದು ನಮ್ಮಪ್ಪಂಗೆ. "ಬೆಂಗ್ಳೂರಲ್ಲಿ ನಿಮ್ಮತ್ತೆ ಮನೆ ಇದೆ, ಬಾಡಿಗೆನೇ ಇಲ್ಲ, ಪೂರ್ತಿ ಉಳಿತಾಯ" ಅಂದ್ರು. ಅತ್ತೆ ಮನೆ ಇರೋದು ರಾಜಾಜಿನಗರದಲ್ಲಿ, ಆಫೀಸ್ ಇರೋದು ಬೆಳ್ಳಂದೂರಲ್ಲಿ. ಶಿವಮೊಗ್ಗದಲ್ಲಿ ಕೂತು ನೋಡಿದ್ರೆ ಎರಡೂ ಬೆಂಗ್ಳೂರೇ. ಮೂರು ದಿನ ಹೋಗಿ ಬಂದೆ, ಹೋಗೋಕೆ ಎರಡು ಗಂಟೆ ಬರೋಕೆ ಎರಡೂವರೆ, ಅಷ್ಟೊತ್ತಲ್ಲಿ ಶಿವಮೊಗ್ಗದಲ್ಲಿ ಬಸ್ ಹತ್ತಿದ್ರೆ ತುಮಕೂರು ಹತ್ರ ಇರ್ತಿದ್ದೆ. ನಾಲ್ಕನೇ ದಿನ ಅತ್ತೆನೇ "ಪುಟ್ಟಿ, ಒಂದು ಪಿಜಿ ನೋಡ್ಕೋ, ನಿನ್ನ ಮುಖ ನೋಡೋಕಾಗ್ತಿಲ್ಲ" ಅಂದ್ರು.

ಸರಿ, ಫೋನಲ್ಲಿ ಹುಡುಕ್ದೆ. ಮೊದಲ್ನೇದೇ ಕೋರಮಂಗಲದಲ್ಲಿ ಸಿಂಗಲ್ ರೂಮು, ಬಾಲ್ಕನಿ, ಮರದ ನೆಲ, ಬಾಡಿಗೆ 6,500! ಫೋನ್ ಮಾಡಿದ್ರೆ ಓನರ್ರು "ನಾನು ಊರಲ್ಲಿಲ್ಲಮ್ಮ, ಸೆಕ್ಯೂರಿಟಿ ಗೇಟ್ ಪಾಸ್‌ಗೆ 2,000 ಟೋಕನ್ ಹಾಕಿ, ರೂಮ್ ನೋಡಿದ ತಕ್ಷಣ ರಿಫಂಡ್" ಅಂತ ಎಷ್ಟು ಮರ್ಯಾದೆಯಾಗಿ ಮಾತಾಡಿದ್ರು ಅಂದ್ರೆ ನನಗೇ ಕಾಯಿಸ್ತಿದ್ದೀನಲ್ಲ ಅಂತ ಬೇಜಾರಾಯ್ತು. ಅವ್ರು ಕಳಿಸಿದ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹೊಡೆದೆ. ಪೇಮೆಂಟ್ ಫೇಲ್. ಅಕೌಂಟಲ್ಲಿದ್ದಿದ್ದು 1,847. ಜೀವನದಲ್ಲಿ ಮೊದಲ್ನೇ ಸಲ ಬಡತನ ನನ್ನ ಕಾಪಾಡಿತ್ತು, ಆದ್ರೆ ಅದು ನನಗೆ ಗೊತ್ತಿರ್ಲಿಲ್ಲ, "ಸಾರ್ ಒಂದ್ನಿಮಿಷ, ಅಪ್ಪನ ಹತ್ರ ಹಾಕಿಸ್ಕೋತೀನಿ" ಅಂದೆ. ಅದಕ್ಕವ್ರು "ಪರ್ವಾಗಿಲ್ಲಮ್ಮ, ನಾನೇ ನಿಮಗೆ ದುಡ್ಡು ಹಾಕ್ತೀನಿ, ಇನ್ನೊಂದು ಕ್ಯೂಆರ್ ಕಳಿಸ್ತೀನಿ, ಪಿನ್ ಹೊಡೀರಿ, ನಿಮ್ಗೇ ಬರತ್ತೆ" ಅಂದ್ರು.

ಪಕ್ಕದ ಸೀಟಿನ ಸೀನಿಯರ್ ಅಕ್ಕ, ಹುಬ್ಬಳ್ಳಿ ಕಡೆಯವ್ರು, ಇದನ್ನ ಕೇಳಿಸ್ಕೊಂಡು ಕುರ್ಚಿ ತಿರುಗಿಸಿದ್ರು. "ಏ ತಂಗಿ, ದುಡ್ಡು ಬರೂದಕ್ಕ ಪಿನ್ ಯಾಕ ಬೇಕ? ಪಿನ್ ಹೊಡಿಯೂದು ಕೊಡಾಕ. ಅವಂಗ ವಿಡಿಯೋ ಕಾಲ್ ಮಾಡಿ ರೂಮ್ ತೋರ್ಸು ಅನ್ನು." ನಾನು ಹಾಗೇ ಅಂದೆ. ಓನರ್ ಸಾಹೇಬ್ರು ಕಾಲ್ ಕಟ್ ಮಾಡಿ ನನ್ನ ಬ್ಲಾಕ್ ಮಾಡಿದ್ರು. ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡ್ಬೇಕಂತೆ, ಎಷ್ಟು ಬೇಗ ಮಾಡ್ತೀವೋ ಆ ಹಣ ತಡೆಹಿಡಿಯೋ ಚಾನ್ಸ್ ಅಷ್ಟು ಜಾಸ್ತಿಯಂತೆ. ನಂದು ಹೋಗೋಕೆ ಇರ್ಲೇ ಇಲ್ಲ.

ಆಮೇಲೆ ಕಾಲಲ್ಲೇ ಹುಡುಕ್ದೆ. ಮಡಿವಾಳ, ಬಿಟಿಎಂ ಕಡೆ ಕರೆಂಟ್ ಕಂಬದಲ್ಲೆಲ್ಲ "ಲೇಡೀಸ್ ಪಿಜಿ" ಬೋರ್ಡು. ಎರಡು ಉಳೀತು, ಎರಡೂ ತ್ರೀ ಶೇರಿಂಗ್, ಊಟ ಸೇರಿ. ಒಂದಕ್ಕೆ 7,800, ಇನ್ನೊಂದಕ್ಕೆ 8,500. ನಾನು ಅಮ್ಮನ ಮಗಳು, 700 ಉಳಿಯತ್ತೆ ಅಂತ ಮೊದಲ್ನೇದಕ್ಕೆ ಹೂಂ ಅನ್ನೋದ್ರಲ್ಲಿದ್ದೆ. ಅಕ್ಕ ಮತ್ತೆ ಕುರ್ಚಿ ತಿರುಗಿಸಿದ್ರು. "ಬಾಡಿಗಿ ಬಿಡು, ಅಡ್ವಾನ್ಸ್‌ನ್ಯಾಗ ಎಷ್ಟು ಕಟ್ ಮಾಡ್ತಾರ ಕೇಳು."

ಕೇಳ್ದೆ. 7,800ರ ಪಿಜಿಗೆ ಅಡ್ವಾನ್ಸ್ 10,000, ಆರು ತಿಂಗ್ಳೊಳಗೆ ಖಾಲಿ ಮಾಡಿದ್ರೆ ಒಂದು ತಿಂಗ್ಳ ಬಾಡಿಗೆ ಮುರ್ಕೋತಾರೆ. ನಾನಿರೋದೇ ಮೂರು ತಿಂಗ್ಳು, ಅಂದ್ರೆ ಆ 7,800 ಹೋಗೋದು ಗ್ಯಾರಂಟಿ. ಅದನ್ನ ಮೂರು ತಿಂಗ್ಳಿಗೆ ಹಂಚಿದ್ರೆ 2,600, ನಿಜವಾದ ಬಾಡಿಗೆ 10,400. ಇನ್ನೊಂದ್ರಲ್ಲಿ ಅಡ್ವಾನ್ಸ್ 5,000, ಎಷ್ಟು ದಿನ ಇದ್ರೂ ಮೇಂಟೆನೆನ್ಸ್ ಅಂತ 1,500 ಕಟ್, ತಿಂಗ್ಳಿಗೆ 500 ಬಿತ್ತು, 9,000. ಅಗ್ಗದ್ದು ಅಂದ್ಕೊಂಡಿದ್ದು ತಿಂಗ್ಳಿಗೆ 1,400 ದುಬಾರಿ. ವರ್ಷಗಟ್ಲೆ ಇರೋರಿಗೆ ಲೆಕ್ಕ ಉಲ್ಟಾ ಆಗತ್ತೆ ಬಿಡಿ, ಇಂಟರ್ನ್‌ಗಳ ಕಥೆ ಇದು.

ಸೇರೋಕ್ ಮುಂಚೆ ರಾತ್ರಿ ಒಂಬತ್ತಕ್ಕೆ ಹೋಗಿ ನೋಡು ಅಂತ ಅತ್ತೆ ಹೇಳಿದ್ರು, ಹೋದೆ. ಹಗಲಲ್ಲಿ ಸಿಲ್ಕ್ ಬೋರ್ಡ್ ಸ್ಟಾಪಿಂದ ಬಂದಿದ್ದ ಶಾರ್ಟ್‌ಕಟ್ ರಾತ್ರಿ ಕಗ್ಗತ್ತಲು, ನಾಯಿಗಳ ಮೀಟಿಂಗ್ ನಡೀತಿತ್ತು, ಸುತ್ತು ಹಾಕಿದ್ರೆ ಮೆಡಿಕಲ್ ಶಾಪು ಬೇಕರಿ ಇರೋ ಲೈಟಿನ ದಾರಿ ಸಿಕ್ತು. ಓನರ್ ಇಲ್ಲದ ಟೈಮಲ್ಲಿ ಒಳಗಿದ್ದ ಹುಡುಗೀರನ್ನ ಕೇಳಿದೆ, ರಾತ್ರಿ ಗೇಟ್ ಬೀಗ ಹಾಕಿದ್ರೆ ಕೀ ಯಾರ ಹತ್ರ ಇರತ್ತೆ, ಟೆರೇಸ್ ಬಾಗಿಲು ಹಾಕ್ತಾರಾ, ಬಿಟ್ಟು ಹೋದೋರಿಗೆ ಅಡ್ವಾನ್ಸ್ ವಾಪಸ್ ಬಂತಾ. ಮೂರಕ್ಕೂ ಉತ್ತರ ಚೆನ್ನಾಗೇ ಬಂತು. ಕೀ ವಾರ್ಡನ್ ಆಂಟಿ ಹತ್ರ, ಅವ್ರು ಮಲಗೋದು ಗೇಟ್ ಪಕ್ಕದ ರೂಮಲ್ಲೇ. ಆಧಾರ್ ಜೆರಾಕ್ಸ್ ಮೇಲೆ "ಪಿಜಿಗೆ ಮಾತ್ರ" ಅಂತ ಅಡ್ಡಕ್ಕೆ ಬರೆದು ತಾರೀಕು ಹಾಕಿ ಕೊಟ್ಟೆ, ಓನರ್ ಅಂಕಲ್ಲು "ಲಾಯರಾ ನೀವು?" ಅಂದ್ರು.

ಇಷ್ಟೆಲ್ಲಾ ಜಾಣತನ ತೋರಿಸಿದೋಳು ಹಾಸಿಗೆ ಎತ್ತಿ ನೋಡ್ಲಿಲ್ಲ.

ಮೂರನೇ ದಿನ ಬೆಳಿಗ್ಗೆ ಮೊಣಕೈ ಮೇಲೆ ಸಾಲಾಗಿ ಕೆಂಪು ಗುಳ್ಳೆ. ಸೊಳ್ಳೆ ಅಂದ್ಕೊಂಡೆ. ರೂಮ್‌ಮೇಟು ಹಾಸಿಗೆಯ ಹೊಲಿಗೆ ಬಿಡಿಸಿ ತೋರಿಸಿದ್ಳು, ಪೆನ್ನಿನ ಇಂಕ್ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು, ಮಂಚದ ಮೂಲೇಲಿ ಕುಟುಂಬ ಸಮೇತ ತಿಗಣೆ. ತ್ರೀ ಶೇರಿಂಗ್ ಅಂತ ದುಡ್ಡು ಕೊಟ್ಟಿದ್ದು, ಶೇರಿಂಗ್ ನೂರಕ್ಕೆ ಮೇಲಿತ್ತು. ಪೆಸ್ಟ್ ಕಂಟ್ರೋಲ್‌ನೋರು ಬಂದು ಹೊಡೆದ್ರು, ಎರಡು ವಾರ ಆದ್ಮೇಲೆ ಮೊಟ್ಟೆಯಿಂದ ಹೊಸ ಬ್ಯಾಚ್ ಬಂತು, ಮತ್ತೆ ಕರೆಸ್ಬೇಕಾಯ್ತು.

ದುಡ್ಡಿಂದು ಇನ್ನೊಂದು ಕಥೆ. ಸ್ಟೈಪೆಂಡ್ ಬರೋದು ಮುಂದಿನ ತಿಂಗ್ಳು 7ಕ್ಕೆ, ಬಾಡಿಗೆ ಕಟ್ಟೋದು 5ರೊಳಗೆ. ಮೊದಲ್ನೇ ದಿನ ಅಡ್ವಾನ್ಸು ಬಾಡಿಗೆ ಸೇರಿ 13,500, ಎರಡನೇ ತಿಂಗ್ಳ ಬಾಡಿಗೆ 8,500, ಅಲ್ಲಿಗೆ ಒಂದು ರೂಪಾಯಿ ದುಡಿಯೋಕ್ ಮುಂಚೆ 22,000 ಅಪ್ಪನ ಸಾಲ. "ಪೂರ್ತಿ ಉಳಿತಾಯ" ಅಂದೋರು ಫೋನಲ್ಲಿ ಸ್ವಲ್ಪ ಹೊತ್ತು ಸುಮ್ನಿದ್ರು.

ಬಾಡಿಗೆ ಹೋಗಿ ಕೈಯಲ್ಲುಳಿಯೋ 6,500ರಲ್ಲಿ ಬದುಕಿಸಿದ್ದು ಶಕ್ತಿ ಯೋಜನೆ, ಆಧಾರ್ ತೋರ್ಸಿದ್ರೆ ಪಿಂಕ್ ಟಿಕೆಟ್ಟು. ಒಂದಿನ ಮಳೇಲಿ ಯಾವ 500ಡಿ ಅಂತ ನೋಡ್ದೆ ಓಡಿ ಹತ್ತಿ, ಆಹಾ ಏನ್ ತಂಪಾಗಿದೆ ಅಂತ ಕೂತು ಗತ್ತಲ್ಲಿ ಆಧಾರ್ ಹಿಡಿದೆ. ಕಂಡಕ್ಟರ್ರು ಅದನ್ನ ಪ್ರೀತಿಯಿಂದ ನೋಡಿ "ಫೋಟೋ ಚೆನ್ನಾಗಿದೆ ಮೇಡಂ, ಆದ್ರೆ ಇದು ವಜ್ರ, ದುಡ್ಡು ತೆಗೀರಿ" ಅಂದ್ರು. ಇಡೀ ಬಸ್ಸು ನಕ್ತು. ಎಸಿ ಬಸ್ಸಿಗೆ ಫ್ರೀ ಇಲ್ಲ ಅಂತ ಶಿವಮೊಗ್ಗದಲ್ಲಿ ನನಗ್ಯಾರೂ ಹೇಳಿರ್ಲಿಲ್ಲ.

ಒಂದು ತಿಂಗ್ಳು ಮುಂಚೆ ವಾಟ್ಸಾಪಲ್ಲಿ ನೋಟಿಸ್ ಕೊಟ್ಟು, ಅಂಕಲ್ಲಿನ "ಓಕೆ"ನ ಸ್ಕ್ರೀನ್‌ಶಾಟ್ ಇಟ್ಕೊಂಡು, ಕೊನೇ ದಿನ 3,500 ಎಣಿಸಿ ತಗೊಂಡು ಊರಿಗೆ ಕೆಂಪು ಬಸ್ ಹತ್ತಿದೆ. ಗೇಟ್ ಹತ್ರ ಬ್ಯಾಗ್ ಇಳಿಸಿದ ತಕ್ಷಣ ಅಮ್ಮ ಬಾಗಿಲಿಗೆ ಅಡ್ಡ ನಿಂತ್ರು, ಹಿತ್ಲಲ್ಲಿ ಹಂಡೆ ನೀರು ಆಗ್ಲೇ ಕುದೀತಿತ್ತು. "ಬಟ್ಟೆ ಎಲ್ಲ ಅದ್ರೊಳಗೆ ಹಾಕು. ಬ್ಯಾಗ್ ಒಳಗೆ ಬರ್ಬಾರ್ದು."

"ನಾನು?"

"ನಿಂದು ಆಮೇಲೆ ನೋಡೋಣ."