ಬ್ಲೂ ಟಿಕ್ ಹೋಯ್ತು ಅಂತ ಕೂಗುವ ಮೊದಲು ಬಿಲ್ ನೋಡಿ

ಇವತ್ತು ಬೆಳಿಗ್ಗೆ ನಮ್ಮ ಜಿಲ್ಲೆಯ ಒಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ನಡೆದ ಚರ್ಚೆ ನೋಡಿ ತಲೆ ಕೆಟ್ಟುಹೋಯಿತು. ಮಳೆ, ಘಟ್ಟದ ರಸ್ತೆ, ಶಾಲೆ ರಜೆ ಇಂಥ ಸುದ್ದಿ ಹಾಕುವ ಎಕ್ಸ್ ಪುಟವೊಂದರ ಬ್ಲೂ ಟಿಕ್ ಮಾಯವಾಗಿದೆ. ತಕ್ಷಣ ಶುರುವಾಯಿತು ನೋಡಿ: ಯಾರೋ ರಿಪೋರ್ಟ್ ಹೊಡೆಸಿದ್ದಾರೆ, ಕಂಪನಿಯವರು ಕನ್ನಡದ ಪುಟಗಳನ್ನು ತುಳಿಯುತ್ತಿದ್ದಾರೆ, ಎಲ್ಲರೂ ಸೇರಿ ಟ್ಯಾಗ್ ಮಾಡಿ. ನಲವತ್ತು ಮಂದಿ ಮಾತಾಡಿದರು. "ದುಡ್ಡು ಕಟ್ ಆಗಿದೆಯಾ?" ಅಂತ ಒಬ್ಬರೂ ಕೇಳಲಿಲ್ಲ.

ಮಾರಾಯ್ರೆ, ಅದು ಈಗ ಪ್ರಶಸ್ತಿ ಅಲ್ಲ, ತಿಂಗಳ ಬಾಡಿಗೆ. ಹಳೇ ಕಾಲದ ಉಚಿತ ಟಿಕ್‌ಗಳನ್ನು 2023ರ ಏಪ್ರಿಲ್ 20ರಂದೇ ತೆಗೆದುಹಾಕಿದ್ದಾರೆ. ನಮ್ಮಂಥವರಿಗೆ ಸಿಗುವುದು ಎಕ್ಸ್ ಪ್ರೀಮಿಯಂ ಚಂದಾದ ಜೊತೆ ಬರುವ ಟಿಕ್. ಚಂದಾ ನಿಂತರೆ ಟಿಕ್ ಹೋಗುತ್ತದೆ, ಅದಕ್ಕೆ ಯಾರ ಸಂಚೂ ಬೇಕಾಗಿಲ್ಲ.

ಚಂದಾ ನಿಂತದ್ದು ಗೊತ್ತೇ ಆಗದೆ ಇರುವುದು ಹೇಗೆ ಅಂತ ಕೇಳುತ್ತೀರಿ. ಅಲ್ಲೇ ಇರುವುದು ವಿಷಯ. ದುಡ್ಡು ಕಟ್ ಆಗದ ದಿನವೇ ಟಿಕ್ ಹೋಗುವುದಿಲ್ಲ. ನಮ್ಮ ಕಡೆ ಹೆಚ್ಚಿನವರು ಆ್ಯಂಡ್ರಾಯ್ಡ್ ಫೋನಿನಲ್ಲಿ, ಪ್ಲೇ ಸ್ಟೋರ್ ಮೂಲಕ, ಯುಪಿಐ ಆಟೋಪೇ ಹಾಕಿ ಕೊಂಡಿರುತ್ತಾರೆ. ಒಂದು ಉದಾಹರಣೆ ತೆಗೆದುಕೊಳ್ಳಿ. ಜುಲೈ 5 ನಿಮ್ಮ ನವೀಕರಣದ ದಿನ. 2025ರ ಜುಲೈನಲ್ಲಿ ದರ ಇಳಿಸಿದ ಮೇಲೆ ಆ್ಯಪ್‌ನಲ್ಲಿ ಪ್ರೀಮಿಯಂಗೆ ತಿಂಗಳಿಗೆ ₹470, ವೆಬ್‌ಸೈಟ್‌ನಲ್ಲಿ ಕೊಂಡರೆ ₹427. ನವೀಕರಣಕ್ಕೆ ಕನಿಷ್ಠ 24 ಗಂಟೆ ಮೊದಲು, ಅಂದರೆ 4ನೇ ತಾರೀಕಿನೊಳಗೆ, ಇಷ್ಟು ಹಣ ಕಡಿತವಾಗಲಿದೆ ಅಂತ ಒಂದು ಸಂದೇಶ ಬರಲೇಬೇಕು. ಅದು ರಿಸರ್ವ್ ಬ್ಯಾಂಕಿನ ನಿಯಮ. ಸಾಲದ ಜಾಹೀರಾತು, ಓಟಿಪಿಗಳ ರಾಶಿಯಲ್ಲಿ ಅದು ಮುಳುಗಿಹೋಗುತ್ತದೆ. ಮಾರನೇ ದಿನ ಖಾತೆಯಲ್ಲಿ ₹212 ಮಾತ್ರ ಇದೆ. ಕಡಿತ ವಿಫಲ.

ಆಗ ಪ್ಲೇ ಸ್ಟೋರ್ ನಿಮಗೆ ಸ್ವಲ್ಪ ದಿನ ಕಾಲಾವಕಾಶ ಕೊಡುತ್ತದೆ. ಆ ಅವಧಿಯಲ್ಲಿ ಟಿಕ್ ಇರುತ್ತದೆ, ಉದ್ದ ಪೋಸ್ಟ್ ಹಾಕಬಹುದು, ಎಲ್ಲ ಮಾಮೂಲು. ಎಷ್ಟು ದಿನ ಎಂಬುದು ಆ್ಯಪ್‌ನವರು ನಿಗದಿ ಮಾಡಿದಂತೆ. ಅದೂ ಮುಗಿದರೆ ಚಂದಾ ತಡೆಹಿಡಿದ ಸ್ಥಿತಿಗೆ ಹೋಗುತ್ತದೆ. ಸೌಲಭ್ಯಗಳು ಬಂದ್ ಆಗುವುದು ಅವತ್ತು. 5ರಂದು ಆದ ತಪ್ಪಿನ ಫಲ ಎಷ್ಟೋ ದಿನ ಕಳೆದು ಕಣ್ಣಿಗೆ ಬೀಳುವುದರಿಂದ, ಜನ ಆ ದಿನ ಹಾಕಿದ ಯಾವುದೋ ಖಾರವಾದ ಪೋಸ್ಟಿಗೆ ಗಂಟು ಹಾಕುತ್ತಾರೆ. "ಶಾಸಕರ ಬಗ್ಗೆ ಬರೆದೆ, ಸಂಜೆಗೆ ಟಿಕ್ ಹೋಯ್ತು" ಅನ್ನುವ ಕತೆ ಹುಟ್ಟುವುದು ಹೀಗೆ.

"ಮಳೆಗಾಲ, ನೆಟ್‌ವರ್ಕ್ ಇರಲಿಲ್ಲ, ಅದಕ್ಕೇ ಕಟ್ ಆಗಿಲ್ಲ" ಅನ್ನುವ ವಾದವನ್ನೂ ಕೇಳಿದ್ದೇನೆ. ಘಟ್ಟದ ಮೇಲಿನ ಊರುಗಳಲ್ಲಿ ಕರೆಂಟು ಹೋದ ಮೇಲೆ ಟವರ್ ಎಷ್ಟು ಹೊತ್ತು ಬದುಕುತ್ತದೆ ಅಂತ ನನಗೂ ಗೊತ್ತು. ಆದರೆ ಈ ವಾದ ನಿಲ್ಲುವುದಿಲ್ಲ. ಒಮ್ಮೆ ಪಿನ್ ಹಾಕಿ ಆಟೋಪೇಗೆ ಒಪ್ಪಿಗೆ ಕೊಟ್ಟ ಮೇಲೆ ₹15,000ದವರೆಗಿನ ಇಂಥ ಕಂತಿಗೆ ಮತ್ತೆ ಪಿನ್ ಆಗಲಿ ಓಟಿಪಿ ಆಗಲಿ ಬೇಡ. ಕಡಿತ ನಡೆಯುವುದು ಬ್ಯಾಂಕಿನ ಸರ್ವರ್‌ಗಳ ನಡುವೆ. ನಿಮ್ಮ ಫೋನು ಸ್ವಿಚ್ ಆಫ್ ಆಗಿ ಬೆಚ್ಚಗೆ ಕಪಾಟಿನಲ್ಲಿದ್ದರೂ ಕಡಿತ ಆಗುತ್ತದೆ. ಆಗಲಿಲ್ಲ ಅಂದರೆ ಕಾರಣ ಬೇರೆ: ಖಾತೆಯಲ್ಲಿ ಹಣ ಇಲ್ಲ, ಇಲ್ಲವೇ ಯುಪಿಐ ಆ್ಯಪಿನಲ್ಲಿ ಆಟೋಪೇ ನಿಲ್ಲಿಸಿದ್ದೀರಿ, ಇಲ್ಲವೇ ಕಾರ್ಡ್ ಹಾಕಿದ್ದು ಅದರ ಅವಧಿ ಮುಗಿದು ಬ್ಯಾಂಕಿನವರು ಹೊಸ ಕಾರ್ಡ್ ಕಳಿಸಿದ್ದಾರೆ. ಹೊಸ ಕಾರ್ಡ್ ಕೈಗೆ ಬಂದಿದೆ ಅಂದಾಕ್ಷಣ ಹಳೇ ಒಪ್ಪಿಗೆ ತಾನಾಗಿ ಅದರ ಮೇಲೆ ಬಂದೇ ಬರುತ್ತದೆ ಅಂತ ನಂಬಿ ಕೂರಬೇಡಿ.

ಇನ್ನು ಹೋಗುವುದು ಏನು? ಗುಂಪಿನಲ್ಲಿ ಎಲ್ಲರೂ ಟಿಕ್ಕಿಗೇ ಅತ್ತರು. ನನ್ನ ಪ್ರಕಾರ ಟಿಕ್ ಹೋದದ್ದು ಸಣ್ಣ ನಷ್ಟ. ದೊಡ್ಡ ನಷ್ಟ ಆಗುವುದು ಕಾಮೆಂಟುಗಳಲ್ಲಿ. ಪ್ರೀಮಿಯಂ ಇದ್ದವರ ಉತ್ತರಗಳನ್ನು ಎಕ್ಸ್ ಮೇಲಕ್ಕೆ ಎತ್ತಿ ತೋರಿಸುತ್ತದೆ. ಬೇಸಿಕ್‌ಗೆ ಕಡಿಮೆ, ಪ್ರೀಮಿಯಂಗೆ ಅದಕ್ಕಿಂತ ಹೆಚ್ಚು, ಪ್ರೀಮಿಯಂ ಪ್ಲಸ್‌ಗೆ ಎಲ್ಲಕ್ಕಿಂತ ಹೆಚ್ಚು. (ಬೇಸಿಕ್‌ಗೆ ಟಿಕ್ ಇಲ್ಲವೇ ಇಲ್ಲ. ಕಡಿಮೆ ದರ ನೋಡಿ ಅದನ್ನು ಕೊಂಡು ಟಿಕ್ ಎಲ್ಲಿ ಅಂತ ಹುಡುಕುವವರೂ ಇದ್ದಾರೆ.) ಶಾಲೆಗೆ ರಜೆ ಇದೆಯಾ ಇಲ್ಲವಾ ಅಂತ ಜನ ಕಾಯುವ ದಿನ ನೆನಪು ಮಾಡಿಕೊಳ್ಳಿ. ಜಿಲ್ಲಾಡಳಿತದ ಪೋಸ್ಟಿನ ಕೆಳಗೆ ನೂರಾರು ಉತ್ತರಗಳು. ಅದರಲ್ಲಿ ಈ ಪುಟದವರು "ದೇವಿಮನೆ ಘಟ್ಟದಲ್ಲಿ ಮರ ಬಿದ್ದಿದೆ, ಕುಮಟಾ ಕಡೆಯಿಂದ ವಾಹನ ನಿಂತಿದೆ" ಅಂತ ಹಾಕಿದ್ದು ಇಷ್ಟು ದಿನ ಮೊದಲ ನಾಲ್ಕೈದರಲ್ಲಿ ಕಾಣುತ್ತಿತ್ತು. ಈಗ ಅದೇ ಮಾತು "ಸಾರ್ ನಮ್ಮ ತಾಲೂಕಿಗೂ ರಜೆ ಕೊಡಿ" ಅನ್ನುವ ಮಕ್ಕಳ ಸಾಲಿನ ಕೆಳಗೆ ಎಲ್ಲೋ. ಬರೆದವರು ಅದೇ, ಸುದ್ದಿ ಅದೇ, ಶಿರಸಿಯಿಂದ ಹೊರಟವರ ಕಣ್ಣಿಗೆ ಮಾತ್ರ ಬೀಳುವುದಿಲ್ಲ.

ಪೋಸ್ಟಿನ ತಲುಪುವಿಕೆಯ ಬಗ್ಗೆ ಒಂದು ಅಂಕಿ ಎಲ್ಲರ ಬಾಯಲ್ಲಿದೆ: "ಟಿಕ್ ಇದ್ದರೆ ನಾಲ್ಕು ಪಟ್ಟು." ಅದರ ಮೂಲ, ಯಾವ ಪೋಸ್ಟ್ ಮೇಲೆ ಕಾಣಬೇಕು ಅಂತ ಅಂಕ ಕೊಟ್ಟು ನಿರ್ಧರಿಸುವ, 2023ರ ಮಾರ್ಚ್ 31ರಂದು ಕಂಪನಿ ಬಹಿರಂಗ ಮಾಡಿದ ಕೋಡ್. ಅದರಲ್ಲಿ ಟಿಕ್ ಇದ್ದವರ ಪೋಸ್ಟಿನ ಅಂಕವನ್ನು, ಅವರನ್ನು ಫಾಲೋ ಮಾಡುವವರ ವಿಷಯದಲ್ಲಿ 4ರಿಂದ, ಉಳಿದವರ ವಿಷಯದಲ್ಲಿ 2ರಿಂದ ಗುಣಿಸುವ ವ್ಯವಸ್ಥೆ ಇತ್ತು. ಗುಣಿಸಿದ್ದು ಅಂಕವನ್ನು, ನೋಡುವವರ ಸಂಖ್ಯೆಯನ್ನಲ್ಲ. ಸಾವಿರ ಮಂದಿ ನೋಡುತ್ತಿದ್ದದ್ದು ಇನ್ನೂರೈವತ್ತಕ್ಕೆ ಇಳಿಯುತ್ತದೆ ಅನ್ನುವ ಲೆಕ್ಕ ಅದರಿಂದ ಬರುವುದಿಲ್ಲ. ಆಮೇಲೆ ಆ ವ್ಯವಸ್ಥೆಯನ್ನು ಬದಲಿಸುತ್ತಲೇ ಬಂದಿದ್ದಾರೆ. ಹಾಗಾಗಿ ಆ ನಾಲ್ಕನ್ನು ಹಿಡಿದು ನಷ್ಟದ ಪಟ್ಟಿ ಮಾಡಬೇಡಿ. ಕಡಿತ ವಿಫಲವಾದ ಹಿಂದಿನ ಹದಿನೈದು ದಿನದ ಮತ್ತು ಟಿಕ್ ಹೋದ ನಂತರದ ಹದಿನೈದು ದಿನದ ವೀಕ್ಷಣೆಯನ್ನು ನಿಮ್ಮದೇ ಪುಟದಲ್ಲಿ ಹೋಲಿಸಿ, ಅದು ಹೆಚ್ಚು ಪ್ರಾಮಾಣಿಕ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಪೆಟ್ಟು ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಪ್ರೀಮಿಯಂನಲ್ಲಿ ಒಂದು ಪೋಸ್ಟಿಗೆ 25,000 ಅಕ್ಷರ ಸಿಗುತ್ತದೆ. ಚಂದಾ ನಿಂತರೆ ಮತ್ತೆ 280. ಆ 280 ನಾವು ಎಣಿಸುವ ಅಕ್ಷರವಲ್ಲ. ಗುಣಿತ ಚಿಹ್ನೆ, ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ, ಒತ್ತಿನೊಳಗಿನ ವ್ಯಂಜನ ಎಲ್ಲವೂ ಒಂದೊಂದು ಲೆಕ್ಕ. "ಸ್ತ್ರೀ" ನಮಗೆ ಒಂದೇ ಅಕ್ಷರ, ಅಲ್ಲಿ ಆರು. "ಕಾರವಾರ" ನಾಲ್ಕು, ಅಲ್ಲಿ ಆರು. ಜೋರು ಮಳೆಯ ದಿನ ಏಳೆಂಟು ತಾಲೂಕಿನ ರಸ್ತೆ ಸ್ಥಿತಿಯನ್ನು ಒಂದೇ ಪೋಸ್ಟಿನಲ್ಲಿ ಹಾಕುತ್ತಿದ್ದವರು ಈಗ ತುಂಡು ತುಂಡು ಮಾಡಬೇಕು. ಜನ ಮೊದಲ ತುಂಡನ್ನು ಹಂಚುತ್ತಾರೆ, ಯಲ್ಲಾಪುರದ ಅರಬೈಲ್ ಘಟ್ಟ ಮೂರನೆಯದರಲ್ಲಿ ಉಳಿದುಹೋಗುತ್ತದೆ.

ತಿದ್ದುವ ಸೌಲಭ್ಯವೂ ಹೋಗುತ್ತದೆ. ಹಾಕಿದ ಒಂದು ಗಂಟೆಯೊಳಗೆ ತಿದ್ದಬಹುದಾಗಿತ್ತು. "ರಸ್ತೆ ಬಂದ್" ಅಂದದ್ದನ್ನು ಅರ್ಧ ಗಂಟೆಯಲ್ಲಿ "ಒಂದು ಬದಿ ತೆರವಾಗಿದೆ" ಅಂತ ಮಾಡಲು ಇನ್ನು ಅಳಿಸಿ ಹೊಸದಾಗಿ ಹಾಕಬೇಕು. ಅಳಿಸಿದರೆ ಅದರ ಜೊತೆ ಹಂಚಿಕೆಗಳೂ ಹೋಗುತ್ತವೆ. ಫಾಲೋವರ್ಸ್, ಹಳೇ ಪೋಸ್ಟುಗಳು ಎಲ್ಲೂ ಹೋಗುವುದಿಲ್ಲ, ಗಾಬರಿ ಬೇಡ.

ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನ ಮೆಟಾ ವೆರಿಫೈಡ್ ಇಟ್ಟುಕೊಂಡಿರುವ ಹೋಂಸ್ಟೇಯವರಿಗೂ ಒಂದು ಮಾತು. ಅಲ್ಲಿ ಬ್ಯಾಡ್ಜಿನ ಜೊತೆ ಹೋಗುವುದು ನಕಲಿ ಖಾತೆಗಳ ಮೇಲಿನ ನಿಗಾ ಮತ್ತು ಮನುಷ್ಯರೊಬ್ಬರ ಜೊತೆ ಮಾತಾಡುವ ಸಹಾಯ ಸೌಲಭ್ಯ. ಬ್ಯಾಡ್ಜ್ ಯಾಕೆ ಹೋಯಿತು ಅಂತ ಕೇಳಲು ಬೇಕಾದ ದಾರಿಯೇ ಬ್ಯಾಡ್ಜಿನ ಜೊತೆ ಮುಚ್ಚುತ್ತದೆ. ಎರಡು ಕಡೆಗೂ ಬೇರೆ ಬೇರೆ ಚಂದಾ ಹಾಕಿದ್ದರೆ ಒಂದು ನಿಂತು ಇನ್ನೊಂದು ನಡೆಯುತ್ತಿರಬಹುದು, ಎರಡನ್ನೂ ನೋಡಿ.

ಈಗ ಏನು ಮಾಡಬೇಕು. ಮೊದಲು ಕೊಂಡದ್ದು ಎಲ್ಲಿ ಅಂತ ಖಚಿತ ಮಾಡಿಕೊಳ್ಳಿ. ಪ್ಲೇ ಸ್ಟೋರ್‌ನಲ್ಲಿ ಕೊಂಡದ್ದನ್ನು ಎಕ್ಸ್ ವೆಬ್‌ಸೈಟಿನಲ್ಲಿ ಸರಿಪಡಿಸಲು ಆಗುವುದಿಲ್ಲ, ಐಫೋನಿನಲ್ಲಿ ಕೊಂಡದ್ದನ್ನು ಆ್ಯಂಡ್ರಾಯ್ಡ್‌ನಲ್ಲಿ ಆಗುವುದಿಲ್ಲ. ಪ್ಲೇ ಸ್ಟೋರ್ ತೆರೆದು ಮೇಲಿನ ನಿಮ್ಮ ಚಿತ್ರ ಒತ್ತಿ, Payments & subscriptions, ಅದರೊಳಗೆ Subscriptions. ಪಾವತಿಯ ತೊಂದರೆ ಇದ್ದರೆ ಅಲ್ಲೇ ಬರೆದಿರುತ್ತದೆ. ಪಟ್ಟಿ ಖಾಲಿ ಕಂಡರೆ ಗೂಗಲ್ ಖಾತೆ ಬದಲಿಸಿ ನೋಡಿ, ಯಾಕೆಂದರೆ ಚಂದಾ ಇರುವುದು ಕೊಂಡವರ ಜಿಮೇಲ್‌ನಲ್ಲಿ. ನಮ್ಮ ಕಡೆಯ ಪುಟಗಳಲ್ಲಿ ಇದೇ ದೊಡ್ಡ ರಗಳೆ: ಶುರುವಿಗೆ ಕೊಂಡ ಹುಡುಗ ಕೆಲಸಕ್ಕೆ ಬೆಂಗಳೂರಿಗೆ ಹೋಗಿರುತ್ತಾನೆ, ಪುಟದ ಪಾಸ್‌ವರ್ಡ್ ಕೊಟ್ಟು ಹೋಗಿರುತ್ತಾನೆ, ಚಂದಾ ಅವನ ಫೋನಿನಲ್ಲೇ ಉಳಿದಿರುತ್ತದೆ.

ಹಣ ಹಾಕಿ ಸುಮ್ಮನೆ ಕೂರಬೇಡಿ. 2025ರ ಆಗಸ್ಟ್‌ನಿಂದ ಆಟೋಪೇ ಕಂತಿಗೆ ಒಂದು ಪ್ರಯತ್ನ, ವಿಫಲವಾದರೆ ಇನ್ನು ಮೂರು ಅಂತ ಮಿತಿ ಇದೆ. ಅದೂ ಬೆಳಿಗ್ಗೆ 10ರಿಂದ 1 ಮತ್ತು ಸಂಜೆ 5ರಿಂದ 9:30ರ ದಟ್ಟಣೆಯ ಹೊತ್ತು ಬಿಟ್ಟು. ನಾಲ್ಕೂ ಮುಗಿದಿದ್ದರೆ ತಾನಾಗಿ ಕಟ್ ಆಗಲಿ ಅಂತ ಕಾಯುವುದರಲ್ಲಿ ಅರ್ಥವಿಲ್ಲ. ಪ್ಲೇ ಸ್ಟೋರ್‌ನ ಆ Subscriptions ಪಟ್ಟಿಯಲ್ಲೇ ಪಾವತಿ ವಿಧಾನ ಬದಲಿಸಿ ನೀವೇ ಕಟ್ಟಿ. ತಡೆಹಿಡಿದ ಸ್ಥಿತಿಯಿಂದ ಜುಲೈ 20ಕ್ಕೆ ಚಂದಾ ಎಬ್ಬಿಸಿದರೆ ಮುಂದಿನ ಕಡಿತ ಆಗಸ್ಟ್ 20ಕ್ಕೆ, ಹಳೆಯ 5ಕ್ಕಲ್ಲ. ಹಣ ಇಡುವ ದಿನವನ್ನೂ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

ಅವಸರಕ್ಕೆ ಬಿದ್ದು ವೆಬ್‌ಸೈಟಿನಲ್ಲಿ ಹೊಸದಾಗಿ ಕೊಳ್ಳಬೇಡಿ. ತಡೆಹಿಡಿದ ಹಳೇ ಚಂದಾ ಸತ್ತಿರುವುದಿಲ್ಲ. ಪಾವತಿ ಸರಿಯಾದ ದಿನ ಅದೂ ಎದ್ದು ಕೂರುತ್ತದೆ, ಒಂದೇ ಟಿಕ್ಕಿಗೆ ₹470ರ ಜೊತೆ ₹427. ವೆಬ್‌ಗೇ ಹೋಗುವುದಾದರೆ ಮೊದಲು ಪ್ಲೇ ಸ್ಟೋರ್‌ನಲ್ಲಿ ಹಳೆಯದನ್ನು ರದ್ದು ಮಾಡಿ. ಈ ನಡುವೆ ಪುಟದ ಹೆಸರು, ಹ್ಯಾಂಡಲ್, ಚಿತ್ರ ಯಾವುದನ್ನೂ ಮುಟ್ಟಬೇಡಿ. ಅವುಗಳಲ್ಲಿ ಒಂದನ್ನು ಬದಲಿಸಿದರೂ ಹಣ ಕಟ್ಟಿದ ಖಾತೆಯ ಟಿಕ್ಕೇ ಮರುಪರಿಶೀಲನೆಯ ತನಕ ಹೋಗುತ್ತದೆ. ಇವತ್ತು ಗುಂಪಿನಲ್ಲಿ ಒಬ್ಬರು ಪ್ರತಿಭಟನೆಗೆ ಡಿಪಿ ಕಪ್ಪು ಮಾಡಿ ಅಂತ ಸಲಹೆ ಕೊಟ್ಟದ್ದು ನೋಡಿಯೇ ನಾನು ಇಷ್ಟು ಬರೆಯಲು ಕೂತದ್ದು. ಆ ಪುಟದವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಡಿಪಿ ಹಾಗೇ ಇಟ್ಟು ಬೆಂಗಳೂರಿನ ಹುಡುಗನಿಗೆ ಒಂದು ಫೋನ್ ಮಾಡಿ.