ಹಾಲು ಕೊಟ್ಟಾಯಿತು, ಎತ್ತರ ಅಳೆಯುವುದು ಹೇಗೆ?

ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಸರ್ಕಾರಿ ಶಾಲೆಗಳಲ್ಲಿ ಬೆಳಿಗ್ಗೆ ಕ್ಷೀರಭಾಗ್ಯದ ಹಾಲಿದೆ, ಮಧ್ಯಾಹ್ನ ಬಿಸಿಯೂಟವಿದೆ, ಜೊತೆಗೆ ಮೊಟ್ಟೆ ಇಲ್ಲವೇ ಬಾಳೆಹಣ್ಣು ಇದೆ. ಇದರಿಂದ ಮಕ್ಕಳ ಎತ್ತರ ಎಷ್ಟು ಹೆಚ್ಚಿತು ಎಂದು ಕೇಳಿದರೆ ಶಾಲೆಯ ರಿಜಿಸ್ಟರಿನಿಂದ ನಂಬುವಂಥ ಉತ್ತರ ಹೊರಡುವುದು ಕಷ್ಟ. ನಾನೀಗ ಇರುವ ಸ್ಕಾಟ್ಲೆಂಡಿನವರು ಇದೇ ಪ್ರಶ್ನೆಯನ್ನು 1930ರಲ್ಲೇ ಕೇಳಿದ್ದರು. 20,000 ಮಕ್ಕಳನ್ನು ಅಳೆದೂ ಉತ್ತರವನ್ನು ಕೆಡಿಸಿಕೊಂಡರು. ಅದು ಕೆಟ್ಟ ಬಗೆ ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಮೇಷ್ಟ್ರುಗಳಿಗೆ ಗೊತ್ತಿರಬೇಕು ಅನ್ನುವುದು ನನ್ನ ಅನಿಸಿಕೆ.

ಗ್ಲಾಸ್ಗೊ ಪಕ್ಕದ ಲನಾರ್ಕ್‌ಷೈರಿನ 67 ಶಾಲೆಗಳಲ್ಲಿ ಫೆಬ್ರವರಿಯಿಂದ ಜೂನ್‌ವರೆಗೆ ಈ ಪ್ರಯೋಗ ನಡೆಯಿತು. 10,000 ಮಕ್ಕಳಿಗೆ ದಿನಕ್ಕೆ ಮುಕ್ಕಾಲು ಪಿಂಟ್, ಅಂದರೆ ಸುಮಾರು 425 ಮಿ.ಲೀ. ಹಾಲು. ಇನ್ನು 10,000 ಮಕ್ಕಳಿಗೆ ಹಾಲಿಲ್ಲ, ಅವರು ಹೋಲಿಕೆಗೆ. ಯಾರು ಯಾವ ಗುಂಪಿಗೆ ಅನ್ನುವುದನ್ನು ಚೀಟಿ ಎತ್ತಿಯೋ ಹೆಸರಿನ ಅಕ್ಷರದ ಸಾಲಿನಲ್ಲೋ ಗೊತ್ತು ಮಾಡಿದರು. ಅಲ್ಲಿಗೆ ಸರಿಯೇ ಇತ್ತು. ಆದರೆ ಒಂದು ಗುಂಪಿನಲ್ಲಿ ಸೊರಗಿದವರೋ ಪುಷ್ಟರೋ ಹೆಚ್ಚಾಗಿ ಕಂಡರೆ ಅದಲು ಬದಲು ಮಾಡಬಹುದು ಎಂದು ಶಿಕ್ಷಕರಿಗೆ ಅವಕಾಶ ಕೊಟ್ಟರು. ಎದುರಿಗೆ ನಿಂತ ಸೊರಗಿದ ಮಗುವಿಗೆ ಹಾಲು ಸಿಗಲಿ ಎಂದು ಯಾವ ಮೇಷ್ಟ್ರಿಗೆ ಅನ್ನಿಸುವುದಿಲ್ಲ? ಬಡ ಮಕ್ಕಳು ಹಾಲಿನ ಗುಂಪಿಗೆ ಸರಿದರು. ಪ್ರಯೋಗ ಶುರುವಾಗುವ ದಿನವೇ ಹಾಲಿಲ್ಲದ ಗುಂಪು ಎತ್ತರದಲ್ಲಿ ಸುಮಾರು ನಾಲ್ಕು ತಿಂಗಳ ಬೆಳವಣಿಗೆಯಷ್ಟು ಮುಂದಿತ್ತು. ಪ್ರಯೋಗದ ಒಟ್ಟು ಅವಧಿಯೇ ನಾಲ್ಕು ತಿಂಗಳು!

ತೂಕದಲ್ಲೂ ಇಂಥದೇ ಎಡವಟ್ಟಾಯಿತು. ಬಟ್ಟೆ ತೊಟ್ಟಂತೆಯೇ ತೂಗಿದ್ದರು. ಫೆಬ್ರವರಿಯಲ್ಲಿ ಉಳ್ಳವರ ಮಕ್ಕಳ ಮೈಮೇಲೆ ದಪ್ಪ ಉಣ್ಣೆ, ಜೂನ್‌ನಲ್ಲಿ ತೆಳು ಬಟ್ಟೆ. ಬಡ ಮಗುವಿಗೆ ಚಳಿಗಾಲಕ್ಕೆ ಬೇರೆ ಬಟ್ಟೆಯೇ ಇಲ್ಲ, ಹಾಗಾಗಿ ಕಳಚುವುದಕ್ಕೂ ಇಲ್ಲ. ಉಳ್ಳವರ ಮಕ್ಕಳು ಹೆಚ್ಚಿದ್ದ ಗುಂಪಿನ ತೂಕ ಬಟ್ಟೆಯ ಲೆಕ್ಕದಲ್ಲೇ ಇಳಿಯಿತು, ಹಾಲಿನ ಗುಣ ಇದ್ದದ್ದಕ್ಕಿಂತ ದೊಡ್ಡದಾಗಿ ಕಂಡಿತು. 1931ರಲ್ಲಿ ಇದನ್ನೆಲ್ಲ ಬಿಡಿಸಿಟ್ಟವರು ‘ಸ್ಟೂಡೆಂಟ್’ ಹೆಸರಿನಲ್ಲಿ ಬರೆಯುತ್ತಿದ್ದ ವಿಲಿಯಂ ಗಾಸೆಟ್, ಗಿನ್ನೆಸ್ ಬಿಯರ್ ಕಂಪನಿಯ ಸಂಖ್ಯಾಶಾಸ್ತ್ರಿ. ಒಂದೇ ರೂಪದ ಅವಳಿ ಮಕ್ಕಳ 50 ಜೋಡಿ ಹುಡುಕಿ, ಪ್ರತಿ ಜೋಡಿಯಲ್ಲೂ ನಾಣ್ಯ ಚಿಮ್ಮಿ ಒಬ್ಬರಿಗೆ ಮಾತ್ರ ಹಾಲು ಕೊಟ್ಟಿದ್ದರೆ ಇದಕ್ಕಿಂತ ಗಟ್ಟಿ ಉತ್ತರ, ಅದೂ ಬಹಳ ಕಡಿಮೆ ಖರ್ಚಿನಲ್ಲಿ, ಸಿಗುತ್ತಿತ್ತು ಎಂದು ಅವರು ಹೇಳಿದರು.

ಈಗ ನಮ್ಮ ಊರಿನ ಮೊಟ್ಟೆಗೆ ಬನ್ನಿ. ಮೊಟ್ಟೆ ತಿನ್ನುವ ಮಕ್ಕಳನ್ನೂ ಬಾಳೆಹಣ್ಣು ಪಡೆಯುವ ಮಕ್ಕಳನ್ನೂ ಅಕ್ಕಪಕ್ಕ ಇಟ್ಟು ಎತ್ತರ ನೋಡೋಣ ಎಂದು ಯಾರಿಗಾದರೂ ತೋಚುತ್ತದೆ. ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಬಾಳೆಹಣ್ಣಿನಲ್ಲಿ ಒಂದು ಗ್ರಾಂ ಆಸುಪಾಸು, ವ್ಯತ್ಯಾಸ ಕಾಣಲೇಬೇಕಲ್ಲ ಅನ್ನಿಸುತ್ತದೆ. ಆದರೆ ಯಾವ ಮಗು ಯಾವುದನ್ನು ತಿನ್ನುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಚೀಟಿಯಲ್ಲ, ಮನೆ. ಮೊಟ್ಟೆ ಮುಟ್ಟದ ಮನೆಯಲ್ಲಿ ಹಾಲು, ಮೊಸರು, ಹೊಲ, ಅಪ್ಪ-ಅಮ್ಮನ ಎತ್ತರ ಎಲ್ಲವೂ ಬೇರೆ ಇರಬಹುದು. ಅದನ್ನೂ ಮೊಟ್ಟೆಯ ಲೆಕ್ಕಕ್ಕೆ ಬರೆದರೆ ಲನಾರ್ಕ್‌ಷೈರಿನ ತಪ್ಪೇ ಮತ್ತೆ ಆಗುತ್ತದೆ.

ಇನ್ನೊಂದು ಕಷ್ಟ, ನಾವು ಹುಡುಕುತ್ತಿರುವ ಬೆಳವಣಿಗೆಯೇ ಸಣ್ಣದು. ಕೀನ್ಯಾದ ಎಂಬು ಪ್ರದೇಶದಲ್ಲಿ 1998ರಿಂದ ಸುಮಾರು ಎರಡು ವರ್ಷ ಶಾಲಾಮಕ್ಕಳಿಗೆ ಹಾಲು ಕೊಟ್ಟು ನೋಡಿದಾಗ ಎಲ್ಲ ಮಕ್ಕಳನ್ನೂ ಸೇರಿಸಿದರೆ ಎತ್ತರದಲ್ಲಿ ಸ್ಪಷ್ಟ ವ್ಯತ್ಯಾಸ ಬರಲಿಲ್ಲ. ಮೊದಲೇ ಕುಳ್ಳಗಿದ್ದ ಮಕ್ಕಳು ಮಾತ್ರ ಹಾಲಿಲ್ಲದ ಅಂಥದೇ ಮಕ್ಕಳಿಗಿಂತ 1.3 ಸೆಂ.ಮೀ. ಹೆಚ್ಚು ಬೆಳೆದರು. ಬೆನ್ನುಮೂಳೆಯ ನಡುವಿನ ಮೆತ್ತೆಗಳು ದಿನವಿಡೀ ಅದುಮಿ, ಯಾವುದೇ ಮನುಷ್ಯ ಬೆಳಿಗ್ಗೆಯಿಂದ ಸಂಜೆಗೆ ಒಂದು ಸೆಂ.ಮೀ. ಆಸುಪಾಸು ಗಿಡ್ಡಾಗುತ್ತಾನೆ. ಜೂನ್‌ನಲ್ಲಿ ಮಧ್ಯಾಹ್ನದ ಮೇಲೆ ಅಳೆದು, ಮಾರ್ಚ್‌ನಲ್ಲಿ ಪ್ರಾರ್ಥನೆ ಮುಗಿದ ಕೂಡಲೇ ಅಳೆದರೆ ಹಾಲಿಲ್ಲದೆಯೂ ಮಗು ಬೆಳೆದಂತೆ ಕಾಣುತ್ತದೆ.

ಹಾಗಾಗಿ ಅಳತೆಯೇ ಕಟ್ಟುನಿಟ್ಟಾಗಬೇಕು. ಗೋಡೆ ನೆಟ್ಟಗಿದೆಯೇ ಎಂದು ತೂಕದ ಗುಂಡು ಬಿಟ್ಟು ನೋಡಿ, ಅಳತೆಪಟ್ಟಿಯನ್ನು ಗೋಡೆಗೆ ಬಿಗಿಯಾಗಿ ಕೂರಿಸಬೇಕು. ನೆಲಕ್ಕೆ ಜಮಖಾನ ಬೇಡ. ಮಗು ಬರಿಗಾಲಲ್ಲಿ, ಹಿಮ್ಮಡಿ, ಪೃಷ್ಠ, ಹೆಗಲ ಹಿಂಭಾಗ ಗೋಡೆಗೆ ತಾಗುವಂತೆ ನಿಲ್ಲಬೇಕು. ಕಿವಿಯ ರಂಧ್ರದ ಮೇಲಂಚು, ಕಣ್ಣುಗುಳಿಯ ಕೆಳಅಂಚು ಒಂದೇ ಮಟ್ಟದಲ್ಲಿರಬೇಕು. ಗಲ್ಲ ಎತ್ತಿದರೂ ತಗ್ಗಿಸಿದರೂ ಅಂಕಿ ಕೆಡುತ್ತದೆ. ನಡುನೆತ್ತಿಯ ಜುಟ್ಟು, ಹೂವು, ಕ್ಲಿಪ್ ತೆಗೆಸಿ ನೆತ್ತಿಗೆ ಹಲಗೆ ಒತ್ತಬೇಕು. ಎರಡು ಸಲ ಅಳೆದು, ಅರ್ಧ ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೇ ಸಲ. ಪ್ರತಿ ವರ್ಷ ಅದೇ ತಿಂಗಳು, ಅದೇ ಹೊತ್ತು. ರಿಜಿಸ್ಟರಿನಲ್ಲಿ ಎಲ್ಲರ ಎತ್ತರವೂ 110, 115, 120 ಎಂದೇ ಇದ್ದರೆ ಕಣ್ಣಂದಾಜಿನಲ್ಲಿ ಬರೆದದ್ದು ಎಂದು ತಿಳಿಯಿರಿ.

ವಯಸ್ಸಿನ ತಪ್ಪು ಇದಕ್ಕಿಂತ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 7 ವರ್ಷದ ಹುಡುಗನ ನಡುಮಟ್ಟದ ಎತ್ತರ 121.7 ಸೆಂ.ಮೀ., 8ಕ್ಕೆ 127.3. ದಾಖಲಾತಿಯಲ್ಲಿ ಒಂದು ವರ್ಷ ಹೆಚ್ಚು ಬರೆದರೆ ಚೆನ್ನಾಗಿ ಬೆಳೆದ ಮಗುವೂ ಐದೂವರೆ ಸೆಂ.ಮೀ. ಹಿಂದೆ ಬಿದ್ದಂತೆ ತೋರುತ್ತದೆ. ಒಂದೇ ತರಗತಿಯ ಬಹಳ ಮಕ್ಕಳ ಹುಟ್ಟುದಿನ ಜೂನ್ 1 ಎಂದಿದ್ದರೆ ಮೊದಲು ಜನನ ಪ್ರಮಾಣಪತ್ರ ತರಿಸಿ ನೋಡಬೇಕು.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಲೆಕ್ಕ ದಾರಿ ತಪ್ಪಿಸಬಹುದು. 6 ವರ್ಷಕ್ಕೆ 106 ಸೆಂ.ಮೀ. ಇರುವ ಹುಡುಗನನ್ನು ತೆಗೆದುಕೊಳ್ಳಿ. ನಡುಮಟ್ಟ 116, ಕುಂಠಿತ ಎಂದು ಕರೆಯುವ ಗೆರೆ 106.1. ಹುಡುಗ ಗೆರೆಯ ಕೆಳಗೆ. 10 ವರ್ಷಕ್ಕೆ ಅವನು 128 ಸೆಂ.ಮೀ. ಆದ ಅನ್ನಿ. ಆಗಿನ ಗೆರೆ 125, ಅವನೀಗ ಅದರ ಮೇಲೆ. ‘ಬಿಸಿಯೂಟದಿಂದ ಕುಂಠಿತ ನೀಗಿತು’ ಎಂದು ವರದಿ ಬರುತ್ತದೆ. ಆದರೆ 10ಕ್ಕೆ ನಡುಮಟ್ಟ 137.8. ಮೊದಲು 10 ಸೆಂ.ಮೀ. ಹಿಂದಿದ್ದವನು ಈಗಲೂ 9.8 ಸೆಂ.ಮೀ. ಹಿಂದೆಯೇ ಇದ್ದಾನೆ. ವಯಸ್ಸು ಏರಿದಂತೆ ಮಕ್ಕಳ ನಡುವಿನ ಸಹಜ ಅಂತರ ಹಿಗ್ಗುತ್ತದೆ, ಗೆರೆ ನಡುಮಟ್ಟದಿಂದ ಇನ್ನಷ್ಟು ಕೆಳಕ್ಕೆ ಸರಿಯುತ್ತದೆ, ಅಷ್ಟೇ. ವರದಿಯಲ್ಲಿ ಸೆಂಟಿಮೀಟರ್ ಅಂತರವನ್ನೂ ಬರೆಯಲೇಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹಾಲಿನ ಲೆಕ್ಕ ಇಡುವುದಾದರೆ ಲೋಟದಲ್ಲಲ್ಲ, ಪುಡಿಯ ತೂಕದಲ್ಲಿ ಇಡಿ. ಒಂದು ಮಗುವಿಗೆ 18 ಗ್ರಾಂ ಪುಡಿ, 150 ಮಿ.ಲೀ. ಹಾಲು. ಅಂದರೆ 60 ಮಕ್ಕಳಿಗೆ 1,080 ಗ್ರಾಂ. ಪುಡಿ 700 ಗ್ರಾಂ ಬಿದ್ದ ದಿನವೂ ಲೋಟ ತುಂಬಿಯೇ ಇರುತ್ತದೆ.

ಸ್ಕಾಟ್ಲೆಂಡಿನಲ್ಲಿ ಈಗ ಒಂದನೇ ತರಗತಿಗೆ ಸೇರಿದ ವರ್ಷ ಮಕ್ಕಳ ಎತ್ತರ, ತೂಕ ಅಳೆದು ದಾಖಲಿಸುತ್ತಾರೆ. ನಾವು ಅಲ್ಲಿಗೆ ನಿಲ್ಲಬಾರದು. ಭಾರತದ ಅಂಕಿಗಳ ಮೇಲೆ 2021ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟದ ಸೌಲಭ್ಯ ಪೂರ್ತಿ ಇದ್ದ ಕಡೆ ಬೆಳೆದ ಹೆಣ್ಣುಮಕ್ಕಳು ಮುಂದೆ ತಾಯಂದಿರಾದಾಗ ಅವರ ಮಕ್ಕಳ ಎತ್ತರ ಉತ್ತಮವಾಗಿತ್ತು ಎಂದು ತೋರಿಸಿತು. ಫಲ ಒಂದು ತಲೆಮಾರು ದಾಟಿ ಕಾಣುವುದಾದರೆ ಒಂದು ವರ್ಷದ ಅಳತೆ ಸಾಲದು. ಜಗಳೂರಿನ ಹುಡುಗಿ ಏಳನೇ ತರಗತಿ ಮುಗಿಸಿ ಹೊರಡುವಾಗ ಅವಳ ವರ್ಷ ವರ್ಷದ ಎತ್ತರವನ್ನು ವರ್ಗಾವಣೆ ಪತ್ರದ ಜೊತೆಗೆ ಕೊಟ್ಟು ಕಳಿಸಬೇಕು, ಮುಂದೊಂದು ದಿನ ಅವಳ ತಾಯಿ ಕಾರ್ಡ್ ಮಾಡಿಸುವಾಗ ಆಶಾ ಕಾರ್ಯಕರ್ತೆ ಆ ಅಂಕಿಗಳನ್ನು ಅದರೊಳಗೆ ಬರೆದುಕೊಳ್ಳುವಂತಿರಬೇಕು.